ಭಜ್ಜಿಯ ತಪ್ಪಲು ಎಲ್ಲಿಂದ ಬಂತು? ಎಳ್ಳಮಾವಾಸ್ಯೆ ಊಟದ ಒಂದು ಕ್ಷೇತ್ರಕಾರ್ಯ

2024ರ ಡಿಸೆಂಬರ್ ಮೊದಲ ವಾರ. ಪದವಿ ಕೊನೆ ವರ್ಷದ ನಾಲ್ವರು ಕಿರು ಪ್ರಬಂಧದ ವಿಷಯ ಬರೆದುಕೊಂಡು ನನ್ನ ಹತ್ತಿರ ಬಂದರು. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಹಾಳೆಯ ಮೇಲೆ 'ಉತ್ತರ ಕರ್ನಾಟಕದ ಹಬ್ಬಗಳು ಮತ್ತು ಆಹಾರ ಪದ್ಧತಿ' ಅಂತ ಇತ್ತು. ಇಷ್ಟು ದೊಡ್ಡ ವಿಷಯಕ್ಕೆ ಹಳ್ಳಿಗೆ ಹೋಗುವ ಅಗತ್ಯವೇ ಇಲ್ಲ, ಗ್ರಂಥಾಲಯದಲ್ಲಿ ಕೂತು ಬರೆದುಬಿಡಬಹುದು. ಹಾಗೆ ಬರೆದ ಪ್ರಬಂಧಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಲ್ಲದರಲ್ಲೂ ಯುಗಾದಿಗೆ ಬೇವು ಬೆಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಮುಗೀತು. ಅದಕ್ಕೇ ಒಂದು ಹಬ್ಬ, ಒಂದು ಊರು, ಒಂದು ಹೊತ್ತಿನ ಊಟ ಇಷ್ಟನ್ನೇ ಹಿಡಿಯಿರಿ ಎಂದೆ. ಆ ತಿಂಗಳ 30ಕ್ಕೆ ಎಳ್ಳಮಾವಾಸ್ಯೆ ಇತ್ತು. ಒಬ್ಬ ಹುಡುಗನ ಸೋದರಮಾವನ ಊರು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಅಲ್ಲಿಗೆ ಹೋಗುವುದು ಅಂತ ಆಯಿತು.

ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. ಮಾರ್ಗಶಿರ ಮಾಸದ ಅಮಾವಾಸ್ಯೆ ಇದು. ಕಲಬುರಗಿ, ಬೀದರ್, ವಿಜಯಪುರ, ಯಾದಗಿರಿ ಕಡೆ ಅವತ್ತು ಊಟ ಮನೆಯಲ್ಲಲ್ಲ, ಹೊಲದಲ್ಲಿ. ಮನೆಮಂದಿ, ಬೀಗರು, ಪೇಟೆಯ ಗೆಳೆಯರು ಎಲ್ಲ ಬಂಡಿ, ಟ್ರ್ಯಾಕ್ಟರ್, ಬೈಕು ಹತ್ತಿ ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡದಲ್ಲೋ, ಜೋಳದ ದಂಟಿನ ಸಣ್ಣ ಕೊಂಪೆಯಲ್ಲೋ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಊಟ. ಕಲಬುರಗಿ ಪೇಟೆಯ ರಸ್ತೆಗಳು ಅವತ್ತು ಮಧ್ಯಾಹ್ನ ಖಾಲಿ ಹೊಡೆಯುತ್ತಿರುತ್ತವೆ.

ಹಬ್ಬಕ್ಕೆ ಎರಡು ವಾರ ಮುಂಚೆ ನಾಲ್ವರೂ ಒಮ್ಮೆ ಊರಿಗೆ ಹೋಗಿ ಬಂದರು. 32 ಪ್ರಶ್ನೆಗಳ ಪಟ್ಟಿ ಒಯ್ದಿದ್ದರು. 'ಈ ಹಬ್ಬವನ್ನು ಏಕೆ ಆಚರಿಸುತ್ತೀರಿ?', 'ಈ ಆಹಾರದ ಮಹತ್ವವೇನು?' ಇಂಥವು. ಒಂಬತ್ತು ಮನೆಗಳಲ್ಲಿ ಕೇಳಿದರು. ಒಂಬತ್ತರಲ್ಲೂ ಹೆಚ್ಚುಕಮ್ಮಿ ಒಂದೇ ಉತ್ತರ: "ಹಿರೇರು ಮಾಡ್ಕೋತ ಬಂದಾರ, ನಾವೂ ಮಾಡ್ತೀವಿ." ಒಬ್ಬ ಕಾಲೇಜು ಓದಿದ ಯುವಕ ಮಾತ್ರ ಭೂಮಿತಾಯಿಗೆ ಸೀಮಂತ, ಬೆಳೆ ಗರ್ಭಿಣಿ, ಎಳ್ಳು ಚಳಿಗೆ ಮೈ ಬಿಸಿ ಇಡುತ್ತದೆ ಅಂತ ಚೆಂದವಾಗಿ ವಿವರಿಸಿದ್ದ. ಹುಡುಗರಿಗೆ ಖುಷಿಯೋ ಖುಷಿ. ನನಗೆ ಅನುಮಾನ. ಅವನಿಗೆ ಅದು ಎಲ್ಲಿಂದ ಗೊತ್ತಾಯಿತು ಅಂತ ಕೇಳಿಕೊಂಡು ಬನ್ನಿ ಎಂದೆ. ಹೋದ ವರ್ಷ ಮೊಬೈಲಿನಲ್ಲಿ ಓದಿದ್ದನಂತೆ.

ಅವನು ಹೇಳಿದ್ದು ಸುಳ್ಳು ಅಂತಲ್ಲ. ಭೂಮಿತಾಯಿಯ ಬಯಕೆ ಊಟ ಅನ್ನುವ ಮಾತು ಈ ಭಾಗದಲ್ಲಿ ನಿಜಕ್ಕೂ ಇದೆ, ಸೀಗಿ ಹುಣ್ಣಿಮೆಯ ಚರಗಕ್ಕೂ ಅದನ್ನೇ ಹೇಳುತ್ತಾರೆ. ಆದರೆ 'ಏಕೆ' ಅಂತ ಕೇಳಿದರೆ ಜನ ಒಂದೋ ಸುಮ್ಮನಾಗುತ್ತಾರೆ, ಇಲ್ಲ ತಾವು ಓದಿದ್ದನ್ನೋ ಕೇಳಿದ್ದನ್ನೋ ನಮಗೆ ತಿರುಗಿ ಕೊಡುತ್ತಾರೆ. ಅದನ್ನು ನಾವು 'ಜನಪದರ ನಂಬಿಕೆ' ಅಂತ ಬರೆಯುತ್ತೇವೆ. ನಾಳೆ ಅದನ್ನು ಇನ್ನೊಬ್ಬ ಓದಿ ಮತ್ತೊಂದು ಹುಡುಗರ ತಂಡಕ್ಕೆ ಹೇಳುತ್ತಾನೆ.

ಪ್ರಶ್ನೆ ಪಟ್ಟಿಯನ್ನು ಮನೆಯಲ್ಲೇ ಬಿಡಿಸಿದೆ. ಬದಲಿಗೆ 200 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆಸಿದೆ. ಮೊದಲ ಅಂಕಣಕ್ಕೆ ಅಡುಗೆಗೆ ಬಿದ್ದ ಒಂದೊಂದೇ ಪದಾರ್ಥ. ಎರಡನೆಯದಕ್ಕೆ ಅದು ಎಲ್ಲಿಂದ ಬಂತು: ತಮ್ಮ ಹೊಲವೋ, ಪಕ್ಕದವರ ಹೊಲವೋ, ಸಂತೆಯೋ, ರೇಷನ್ನೋ, ತವರಿನ ಚೀಲವೋ. ಮೂರನೆಯದಕ್ಕೆ ಅಡುಗೆ ಯಾರ ಕೈಯಿಂದ ಯಾರಿಗೆ ಹೋಯಿತು. ಏಕೆ ಅನ್ನುವ ಅಂಕಣವೇ ಇಲ್ಲ. ಹುಡುಗರಿಗೆ ಇದು ಕಿರಾಣಿ ಲೆಕ್ಕದ ಹಾಗೆ ಕಂಡಿತು. ಒಬ್ಬ ಕೇಳಿಯೂ ಬಿಟ್ಟ, "ಸರ್, ಇದಕ್ಕ ಮಾರ್ಕ್ಸ್ ಬರ್ತಾವೇನ್ರೀ?"

ಇನ್ನೊಂದು ಬದಲಾವಣೆ ಮಾಡಿದೆವು. ಮೊದಲ ಯೋಜನೆಯಲ್ಲಿ ಹಬ್ಬದ ದಿನ ಬೆಳಗ್ಗೆ ಹತ್ತಕ್ಕೆ ಹೊಲಕ್ಕೆ ಹೋಗಿ ಫೋಟೊ ತೆಗೆಯುವುದು ಅಂತಿತ್ತು. ಅಷ್ಟು ಹೊತ್ತಿಗೆ ಅಡುಗೆ ಮುಗಿದು ಬುಟ್ಟಿ ಸೇರಿರುತ್ತದೆ. ಹೊಲದಲ್ಲಿ ಮಾತಿಗೆ ಸಿಗುವವರೂ ಗಂಡಸರೇ ಜಾಸ್ತಿ. ಹಾಗಾಗಿ ಹುಡುಗಿಯರಿಬ್ಬರು ಭಾನುವಾರ, ಅಂದರೆ ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಒಂದು ಮನೆಯ ಅಡುಗೆಮನೆಯಲ್ಲಿ ಕೂತರು. ಸುಮ್ಮನೆ ಕೂರಲಿಲ್ಲ, ಅವರಿಗೆ ಸೊಪ್ಪು ಸೋಸುವ ಕೆಲಸ ಸಿಕ್ಕಿತು. ಕೈಯಲ್ಲಿ ಕೆಲಸ ಇದ್ದವರ ಎದುರು ಜನ ಸಲೀಸಾಗಿ ಮಾತಾಡುತ್ತಾರೆ.

ರೊಟ್ಟಿಯ ಕೆಲಸ ಆಗಲೇ ನಾಲ್ಕು ದಿನದಿಂದ ನಡೆದಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ತೆಳ್ಳಗೆ ಬಡಿದು, ಕಟಕ ಆಗುವಂತೆ ಒಣಗಿಸಿ, ಬಟ್ಟೆ ಸುತ್ತಿ ಇಟ್ಟಿದ್ದರು. ಶೇಂಗಾ ಹೋಳಿಗೆ ಶನಿವಾರವೇ ಮುಗಿದಿತ್ತು. ಭಾನುವಾರ ಸಂಜೆಯಿಂದ ಶುರುವಾದದ್ದು ಭಜ್ಜಿ. ಬೆಂಗಳೂರು ಕಡೆಯವರು ಇದನ್ನು ಓದುತ್ತಿದ್ದರೆ ಎಣ್ಣೆಯಲ್ಲಿ ಕರಿದ ಬಜ್ಜಿಯನ್ನು ಮರೆತುಬಿಡಿ. ಇಲ್ಲಿಯ ಭಜ್ಜಿ ಹಸಿ ಕಾಳು, ತಪ್ಪಲು ಅಂದರೆ ಸೊಪ್ಪು, ಕಾಯಿಪಲ್ಯ ಎಲ್ಲ ಕುದಿಸಿ ಕಡಲೆಹಿಟ್ಟು ಹಾಕಿ ಗಟ್ಟಿ ಮಾಡಿದ ಒಂದು ಬಗೆಯ ಮುದ್ದೆ ಪಲ್ಯ. ಆ ಮನೆಯಲ್ಲಿ ಬಿದ್ದದ್ದು ಇಷ್ಟು: ಹಸಿ ತೊಗರಿ, ಹಸಿ ಅವರೆ, ಸುಲಗಾಯಿ ಅನ್ನುವ ಹಸಿ ಕಡಲೆ, ಬಟಾಣಿ, ಮೆಂತ್ಯ, ಪಾಲಕ, ಕುಸುಬೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ, ಗಜ್ಜರಿ, ಬೇಯಿಸಿ ಹಿಂಡಿದ ಹಸಿ ಹುಣಸೆಕಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಕುಟ್ಟಿದ ಖಾರ.

ಅಳತೆ ಕೇಳಿದರೆ ಆ ಮನೆಯ ಆಯಿ "ಅಂದಾಜ್ಲೆ ಹಾಕೂದವ್ವಾ" ಎಂದರು. ಹುಡುಗಿಯರು ತಲೆ ಓಡಿಸಿದರು. ಮನೆಯಲ್ಲೇ ಇದ್ದ ತಕ್ಕಡಿಯಲ್ಲಿ ಖಾಲಿ ಬುಟ್ಟಿ ತೂಗಿ, ತುಂಬಿದ ಮೇಲೆ ಮತ್ತೆ ತೂಗಿ ಕಳೆದರು. ಸುಮಾರು 30 ಜನರ ಲೆಕ್ಕಕ್ಕೆ ಸುಲಿದ ಹಸಿ ಕಾಳೆಲ್ಲ ಸೇರಿ 3 ಕೆಜಿಗೆ ಚೂರು ಕಮ್ಮಿ, ಸೋಸಿದ ಸೊಪ್ಪು 4 ಕೆಜಿ, ಕಡಲೆಹಿಟ್ಟು ಒಂದೂವರೆ ಕೆಜಿ. ಇದು ಆ ಮನೆಯ ಅಂದಾಜು ಮಾತ್ರ, ಕಲಬುರಗಿಯ ಭಜ್ಜಿಯ ಅಳತೆಯಲ್ಲ. ಪ್ರಬಂಧದಲ್ಲೂ ಹಾಗೇ ಬರೆಯಿರಿ ಎಂದು ಎರಡು ಸಲ ಹೇಳಬೇಕಾಯಿತು.

ಒಂದು ಎಡವಟ್ಟೂ ಆಯಿತು. ರಾತ್ರಿ ಹಿಟ್ಟು ಬಿದ್ದು ಭಜ್ಜಿ ಗಟ್ಟಿಯಾಗುವಾಗ ಒಬ್ಬ ಹುಡುಗಿ ಚಮಚದಲ್ಲಿ ತೆಗೆದು ಬಾಯಿಗಿಟ್ಟಳು. ಅಡುಗೆಮನೆ ಒಂದು ಕ್ಷಣ ಗಪ್ಪಾಯಿತು. ಎಡೆ ಆಗುವ ಮುಂಚೆ ರುಚಿ ನೋಡುವ ಹಾಗಿಲ್ಲ, ಉಪ್ಪು ಸಹ ವಾಸನೆಯ ಮೇಲೆ, ಅಂದಾಜಿನ ಮೇಲೆ ಹಾಕುವುದು. ಆಯಿ ಬೈಯಲಿಲ್ಲ. ಸಣ್ಣ ಪಾತ್ರೆಯಲ್ಲಿ ಎಡೆಗೆ ಬೇರೆ ಭಜ್ಜಿ ಮಾಡಿಕೊಂಡರು, ಅಷ್ಟೆ. ಹುಡುಗಿ ಅತ್ತುಬಿಟ್ಟಳು. ಆದರೆ 32 ಪ್ರಶ್ನೆಗಳಲ್ಲಿ ಒಂದೂ ಈ ನಿಯಮವನ್ನು ಹೊರಗೆ ತಂದಿರಲಿಲ್ಲ. ಹಾಗಂತ ನಿಯಮ ತಿಳಿಯಲು ಬೇಕಂತಲೇ ಮುರಿಯಬಾರದು. ಮುರಿದುಹೋದರೆ ಮುಚ್ಚಿಡದೆ ಬರೆದುಕೊಳ್ಳಬೇಕು. ಈ ಘಟನೆ ಅವಳ ದಿನಚರಿಯಲ್ಲಿತ್ತು, ಪ್ರಬಂಧದ ಮೊದಲ ಕರಡಿನಲ್ಲಿ ಇರಲಿಲ್ಲ. ನಾನೇ ಹೇಳಿ ಹಾಕಿಸಿದೆ.

ಸೋಮವಾರ ರಾತ್ರಿ ಹಾಸ್ಟೆಲಿನಲ್ಲಿ ಕೂತು ಎರಡನೇ ಅಂಕಣವನ್ನು ಓದಿದಾಗ ವಿಷಯ ತೆರೆದುಕೊಂಡಿತು. 'ಎಲ್ಲಿಂದ' ಅಂತ ಕೇಳಿದರೆ ಜನ 'ಯಾವಾಗ' ಅನ್ನುವುದನ್ನೂ ಸೇರಿಸಿಯೇ ಹೇಳುತ್ತಾರೆ. ಸಜ್ಜೆ, ಎಳ್ಳು, ಶೇಂಗಾ ಇವು ಮುಂಗಾರಿನ ಬೆಳೆ, ಎರಡು ಮೂರು ತಿಂಗಳ ಹಿಂದೆ ರಾಶಿ ಆದವು. ಹಸಿ ತೊಗರಿ, ಅವರೆ, ಸೊಪ್ಪು ಅವತ್ತಷ್ಟೇ ಗಿಡದಿಂದ ಬಂದವು. ಅಂಬಲಿಗೂ ಬಿಳಿ ರೊಟ್ಟಿಗೂ ಬಿದ್ದ ಜೋಳ ಮಾತ್ರ ಹಳೆಯದು, ಹಿಂದಿನ ಹಿಂಗಾರಿನದು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬಿತ್ತಿದ ಹೊಸ ಜೋಳ ಫೆಬ್ರುವರಿಯ ನಂತರವೇ ಮನೆಗೆ ಬರುವುದು. ಹಬ್ಬದ ದಿನ ಅದು ಹೊಲದಲ್ಲಿ ನಿಂತಿರುತ್ತದೆ, ತೆನೆ ಹೊರಗೆ ಬಂದಿರುತ್ತದೆ ಅಥವಾ ಬರುವುದರಲ್ಲಿರುತ್ತದೆ. ಒಂದೇ ತಟ್ಟೆಯಲ್ಲಿ ಹೋದ ವರ್ಷದ ಕೊನೆಯ ಜೋಳ, ಮೊನ್ನೆಯ ರಾಶಿ, ಇವತ್ತಿನ ಹಸಿ ಕಾಳು. ಇನ್ನು ಬಾರದ ಜೋಳಕ್ಕೆ ಈ ಮೂರನ್ನೂ ಕಲಸಿ ಚೆಲ್ಲುವುದು ಚರಗ. 'ಋತುಮಾನದ ಆಹಾರ' ಅಂದರೆ ಆ ತಿಂಗಳು ಸಿಗುವ ತರಕಾರಿ ಅಂತ ಬರೆದಿದ್ದ ಹುಡುಗ ತನ್ನ ಸಾಲನ್ನು ತಾನೇ ಹೊಡೆದುಹಾಕಿದ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮತ್ತೊಂದು ಚೆಂದದ ಕಥೆ ಆಗುತ್ತಿತ್ತು. ಹುಡುಗರಿಬ್ಬರು ಹೊಲದಲ್ಲಿ ಕಂಡದ್ದು ಬೇರೆಯೇ. ಅವರು ಸುತ್ತಿದ ಏಳು ಹೊಲಗಳಲ್ಲಿ ಜೋಳ ಇದ್ದದ್ದು ಎರಡರಲ್ಲಿ. ಉಳಿದ ಐದೂ ತೊಗರಿ. ಕಲಬುರಗಿ ತೊಗರಿಯ ಕಣಜ ಅನ್ನುವುದು ಗೊತ್ತೇ ಇದೆ, ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್ ಕೊನೆಗೆ ಒಣಗಿ ಕೊಯ್ಲಿಗೆ ನಿಂತಿರುತ್ತದೆ. ಒಂದು ಹೊಲದಲ್ಲಂತೂ ಕೊಯ್ಲೇ ಆಗಿತ್ತು, ಬರೀ ಕೂಳೆ. ಅಲ್ಲೂ ಚರಗ ಚೆಲ್ಲಿದರು. ಗರ್ಭಿಣಿ ಬೆಳೆಗೆ ಸೀಮಂತ ಅನ್ನುವುದಾದರೆ ಈ ಕೂಳೆಗೆ ಏನನ್ನಬೇಕು? ಆ ಹೊಲದ ಕಾಕಾ ಅವರನ್ನು ಕೇಳಿದರೆ, "ಬೆಳಿಗಲ್ಲಪ್ಪಾ, ಹೊಲಕ್ಕ" ಎಂದರು. ನನ್ನ ಮಟ್ಟಿಗೆ ಇಡೀ ಪ್ರಬಂಧದಲ್ಲಿ ಅತಿ ಬೆಲೆಬಾಳುವ ಸಾಲು ಇದು. ಜೋಳದ ಹಬ್ಬವಾಗಿದ್ದದ್ದು ಈ ಊರಲ್ಲಿ ಮಣ್ಣಿನ ಹಬ್ಬವಾಗಿ ಉಳಿದಿದೆ ಅಂತ ಹುಡುಗರು ಬರೆದರು. 'ಆಗಿದ್ದದ್ದು' ಅನ್ನುವುದಕ್ಕೆ ಸಾಕ್ಷಿ ಏನು ಅಂತ ಕೇಳಿದೆ. ಇರಲಿಲ್ಲ. ಮೊದಲು ಜೋಳ ಜಾಸ್ತಿ ಇತ್ತು ಅಂತ ಇಬ್ಬರು ಮುತ್ಯಾಗಳು ಹೇಳಿದ್ದರು, ಅಷ್ಟೆ. ಸಾಲನ್ನು 'ಇಬ್ಬರು ಹಿರಿಯರ ನೆನಪಿನ ಪ್ರಕಾರ' ಅಂತ ತಿದ್ದಿಸಿದೆ.

ಹೊಲ ತೊಗರಿಗೆ ಹೋದದ್ದು ಬುಟ್ಟಿಯಲ್ಲೂ ಕಾಣುತ್ತಿತ್ತು. ಬಿಳಿಜೋಳ ಕೊಂಡದ್ದು ಒಂಬತ್ತು ಮನೆಗಳಲ್ಲಿ ಆರು. ಸಜ್ಜೆಯನ್ನು ಎಲ್ಲರೂ ಸಂತೆಯಲ್ಲಿ ತಂದಿದ್ದರು. ಕುಸುಬೆ ಸೊಪ್ಪು ಒಂದೇ ಮನೆಯ ಹೊಲದಲ್ಲಿ ಇತ್ತು, ಅಲ್ಲಿಂದ ಊರಿಗೆಲ್ಲ ಹಂಚಿಕೆಯಾಗಿತ್ತು. ದುಡ್ಡು ತಗೊಂಡಿರಲಿಲ್ಲ. ಬಟಾಣಿ, ಗಜ್ಜರಿ, ಪಾಲಕ ಪೇಟೆಯವು. 'ಎಲ್ಲವೂ ತಮ್ಮ ಹೊಲದ್ದೇ' ಅಂತ ಮೊದಲ ಭೇಟಿಯಲ್ಲಿ ಹೇಳಿದ್ದ ಮನೆಯಲ್ಲೇ ಅರ್ಧ ಪದಾರ್ಥ ಸಂತೆಯದಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಹಬ್ಬ ಹೇಗಿರಬೇಕೋ ಅದನ್ನು ಹೇಳಿದ್ದರು. ಹೇಗಿದೆ ಅನ್ನುವುದು ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಎರಡನ್ನೂ ಬರೆಯಬೇಕು, ಒಂದರಿಂದ ಇನ್ನೊಂದನ್ನು ಅಳಿಸಬಾರದು.

ಮೂರನೇ ಅಂಕಣ ತುಂಬುವುದು ಎಲ್ಲಕ್ಕಿಂತ ಕಷ್ಟವಾಯಿತು. ಹೊಲದಲ್ಲಿ ಯಾರು ಬೇಕಾದರೂ ಬಂದು ಉಣ್ಣಬಹುದು, ಜಾತಿ ಧರ್ಮ ನೋಡುವುದಿಲ್ಲ ಅಂತ ಎಲ್ಲರೂ ಹೇಳಿದರು. ಬಹಳ ಮಟ್ಟಿಗೆ ಅದು ನಿಜವೂ ಹೌದು. ಪೇಟೆಯಿಂದ ಬಂದ ಮುಸ್ಲಿಂ ಗೆಳೆಯರು, ಬ್ಯಾಂಕಿನ ನೌಕರರು, ನನ್ನ ವಿದ್ಯಾರ್ಥಿಗಳು ಎಲ್ಲ ಒಂದೇ ಸಾಲಿನಲ್ಲಿ ಕೂತು ಉಂಡರು. ಆದರೆ ಸಾಲಿನಲ್ಲಿ ಕೂತವರನ್ನು ಬರೆದುಕೊಳ್ಳುವುದು ಸುಲಭ. ಕೂರದವರು ಯಾರು? ಹೊಲ ಇಲ್ಲದ ಮನೆಗಳಿಗೆ ನಾಲ್ವರೂ ಹೋಗಿಯೇ ಇರಲಿಲ್ಲ. ಹಬ್ಬ ಹೊಲದ್ದಲ್ಲವಾ, ಹೊಲ ಇದ್ದವರ ಮನೆಗೇ ಹೋದರು. ಒಂಬತ್ತು ಮನೆಗಳೂ ಅಂಥವೇ. ತಪ್ಪು ನನ್ನದೂ ಹೌದು. ಮನೆಗಳನ್ನು ಆರಿಸುವಾಗ ಸೋದರಮಾವನ ಪಟ್ಟಿಯನ್ನು ನಾನು ಹಾಗೇ ಒಪ್ಪಿದ್ದೆ.

ಜನವರಿಯಲ್ಲಿ ಮತ್ತೊಮ್ಮೆ ಕಳಿಸಿದೆ. ಈ ಸಲ ಕೂಲಿಗೆ ಹೋಗುವ ನಾಲ್ಕು ಮನೆಗಳು. ಮೂರರಲ್ಲಿ ಅವತ್ತು ಭಜ್ಜಿ ಮಾಡಿರಲಿಲ್ಲ. ತಾವು ದುಡಿಯುವ ಹೊಲಕ್ಕೆ ಹೋಗಿದ್ದರು. ಒಬ್ಬ ಹೆಣ್ಣುಮಗಳು ಹೇಳಿದ್ದು ಹೀಗೆ: "ಹೋಗ್ತೀವಿ, ಉಣ್ತೀವಿ. ಬರೋ ಮುಂದ ಡಬ್ಬಿ ತುಂಬಿ ಕೊಡ್ತಾರ. ಆದ್ರ ನಮ್ಮ ಬುಟ್ಟಿ ನಾವು ಒಯ್ಯಂಗಿಲ್ಲ." ಊಟ ಒಟ್ಟಿಗೆ ಇದ್ದರೂ ಬುಟ್ಟಿ ಯಾರ ಮನೆಯಿಂದ ಹೊರಡುತ್ತದೆ ಅನ್ನುವುದರಲ್ಲಿ ಗೆರೆ ಇದೆ. ನಾಲ್ಕನೆಯ ಮನೆಯದು ಇನ್ನೂ ಕುತೂಹಲದ ವಿಷಯ. ಅವರು ಎರಡು ವರ್ಷದಿಂದ ನಾಲ್ಕು ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ ಹಿಡಿದಿದ್ದರು. ಅವತ್ತು ಆ ಹೊಲಕ್ಕೆ ಎರಡು ಬುಟ್ಟಿ ಹೋಗಿದ್ದವು, ಒಂದು ಲಾವಣಿದಾರರದು, ಒಂದು ಹೊಲದ ಒಡೆಯರದು. ಪಾಂಡವರ ಪೂಜೆ ಒಡೆಯರು ಮಾಡಿದರು, ಚರಗ ಇವರು ಚೆಲ್ಲಿದರು. ಹಾಗೆ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲವಂತೆ, ಮೊದಲ ವರ್ಷ ಹಾಗೇ ಆಗಿಹೋಯಿತು, ಎರಡನೇ ವರ್ಷವೂ ಹಾಗೇ ನಡೆಯಿತು. ಒಂದು ಪದ್ಧತಿ ಹುಟ್ಟುವುದನ್ನು ಇಷ್ಟು ಹತ್ತಿರದಿಂದ ನೋಡುವುದು ಅಪರೂಪ. ಒಂದೇ ಹೊಲದ ಸಂಗತಿ ಇದು ಅನ್ನುವುದು ನಿಜ. ಆದರೂ ಲಾವಣಿ ಹೊಲಗಳನ್ನು ಮಾತ್ರ ಹಿಡಿದು ಇನ್ನೊಂದು ತಂಡ ಪೂರ್ತಿ ಪ್ರಬಂಧ ಮಾಡಬಹುದು.

ಬರೆಯುವ ಹೊತ್ತಿಗೆ ಜಗಳವಾದದ್ದು ಎರಡು ಕಡೆ. ಚರಗ ಚೆಲ್ಲುವಾಗ ಮುಂದಿನವ ಒಂದು ಕೂಗು ಹಾಕುತ್ತಾನೆ, ಹಿಂದೆ ನೀರು ಚಿಮುಕಿಸುತ್ತ ಬರುವವ ಉತ್ತರದ ಕೂಗು ಕೊಡುತ್ತಾನೆ. 'ಹುಲ್ಲುಲ್ಲಿಗೋ' ಅಂತ ಒಬ್ಬ, 'ಚಲ್ಲಂಬ್ರಿಗೋ' ಅಂತ ಇನ್ನೊಬ್ಬ. ನಾಲ್ವರ ನೋಟ್‌ಬುಕ್ಕಿನಲ್ಲಿ ನಾಲ್ಕು ರೀತಿ ಬರೆದಿತ್ತು. ಯಾವುದು ಸರಿ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಐದನೆಯದನ್ನು ಕರಡಿನಲ್ಲಿ ಹಾಕಿದ್ದರು! ಮೊಬೈಲಿನ ಧ್ವನಿಮುದ್ರಣ ಕೇಳಿಸಿಕೊಂಡಾಗ ಎರಡು ಹೊಲಗಳ ಕೂಗು ಬೇರೆ ಬೇರೆಯೇ ಇತ್ತು. ಕೇಳಿದ್ದನ್ನು ಕೇಳಿದ ಹಾಗೆ, ಯಾವ ಹೊಲದಲ್ಲಿ ಅಂತ ಸೇರಿಸಿ ಬರೆಯಿರಿ ಎಂದೆ. ಅರ್ಥ ಬಿಡಿಸುವ ಪ್ರಯತ್ನವನ್ನು ಕೈಬಿಡಿಸಿದೆ.

ಎರಡನೆಯ ಜಗಳ 'ವೈಜ್ಞಾನಿಕ ಕಾರಣಗಳು' ಅನ್ನುವ ಅಧ್ಯಾಯದ್ದು. ಎಳ್ಳಿನಲ್ಲಿ ಸುಣ್ಣದಂಶ ಇದೆ, ಚಳಿಗಾಲಕ್ಕೆ ಜಿಡ್ಡು ಬೇಕು, ಆದ್ದರಿಂದ ಹಿರಿಯರು ಈ ಹಬ್ಬ ಮಾಡಿದರು ಅಂತ ನಾಲ್ಕು ಪುಟ. ಎಳ್ಳಿನಲ್ಲಿ ಸುಣ್ಣದಂಶ ಇರುವುದು ನಿಜ. ಆದರೆ ಅದಕ್ಕಾಗಿಯೇ ಹಬ್ಬ ಹುಟ್ಟಿತು ಅನ್ನಲು ಈ ನಾಲ್ವರ ಬಳಿ ಏನೂ ಇರಲಿಲ್ಲ. ರೊಟ್ಟಿಯ ಮೇಲೆ ಒಬ್ಬರ ಪಾಲಿಗೆ ಬೀಳುವ ಎಳ್ಳು ಒಂದೆರಡು ಚಮಚ, ಅದೂ ಒಂದು ದಿನ. ಎಳ್ಳು ಸುಗ್ಗಿಯಾಗಿ ಹೊಸದಾಗಿ ಮನೆಯಲ್ಲಿತ್ತು ಅನ್ನುವುದನ್ನು ಮಾತ್ರ ಅವರ ನೋಟ್‌ಬುಕ್ ತೋರಿಸುತ್ತದೆ. ಅಧ್ಯಾಯವನ್ನು ತೆಗೆದೆವು. ಪುಟ ಕಮ್ಮಿಯಾಯಿತು ಅಂತ ಬೇಸರಪಟ್ಟರು.

ನನಗೆ ಆಗ ಹೊಳೆಯದೆ ಆಮೇಲೆ ಹೊಳೆದ ಒಂದು ವಿಷಯ ಇದೆ, ಅಮಾವಾಸ್ಯೆ ಚಂದ್ರನ ಲೆಕ್ಕ, ಬೆಳೆ ಸೂರ್ಯನ ಮತ್ತು ಮಳೆಯ ಲೆಕ್ಕ. ಅದರ ಹಿಂದಿನ ಎಳ್ಳಮಾವಾಸ್ಯೆ ಬಂದದ್ದು 2024ರ ಜನವರಿ 11ಕ್ಕೆ, ಏಕೆಂದರೆ 2023ರಲ್ಲಿ ಅಧಿಕ ಮಾಸ ಬಂದಿತ್ತು. ಆಮೇಲೆ ಡಿಸೆಂಬರ್ 30. ಮುಂದಿನದು 2025ರ ಡಿಸೆಂಬರ್ 19. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹಬ್ಬದ ತಾರೀಖು ಮೂರು ವಾರಗಳಿಗೂ ಜಾಸ್ತಿ ಹಿಂದೆಮುಂದೆ ಆಗಿದೆ. ಮೂರು ವಾರದಲ್ಲಿ ಕಡಲೆ ಹೂವಿನಿಂದ ಕಾಯಿಗೆ ಬರುತ್ತದೆ. ಹಾಗಾದರೆ ಭಜ್ಜಿಯ ಪದಾರ್ಥವೂ ವರ್ಷದಿಂದ ವರ್ಷಕ್ಕೆ ಬದಲಾಗಬೇಕಲ್ಲವಾ? ಒಂದೇ ವರ್ಷ ನೋಡಿದ ಪ್ರಬಂಧಕ್ಕೆ ಇದು ಕಾಣುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಮಳೆ ವಿಪರೀತವಾಯಿತು, ಭೀಮಾ ತುಂಬಿ ಹರಿಯಿತು. ಆ ಊರಲ್ಲಿ ಹಿಂಗಾರಿ ಬಿತ್ತನೆ ತಡವಾಯಿತು, ಹಬ್ಬ ಮಾತ್ರ 11 ದಿನ ಮುಂಚೆ ಬಂತು. ಚಮಚ ಬಾಯಿಗಿಟ್ಟ ಹುಡುಗಿ ಈಗ ಬಿ.ಎಡ್. ಓದುತ್ತಿದ್ದಾಳೆ. ಡಿಸೆಂಬರ್ 18ರ ಸಂಜೆ ಅವಳೇ ಆ ಮನೆಗೆ ಫೋನ್ ಮಾಡಿ, ಈ ಸಲ ಭಜ್ಜಿಗೆ ಏನೇನು ಹಾಕುತ್ತಿದ್ದೀರಿ ಅಂತ ಕೇಳಿದಳಂತೆ.

"ಕಡ್ಲಿ ಇನ್ನಾ ಹೂವಿನಾಗೇ ಅದ ನೋಡವ್ವಾ," ಎಂದರಂತೆ ಆಯಿ. "ಪ್ಯಾಟಿ ಬಟಾಣಿ ಜಾಸ್ತಿ ಹಾಕೀವಿ. ನೀ ಯಾವಾಗ ಬರ್ತಿ?"